ಟಿಇಟಿ: ಎಷ್ಟು ಸಲ ಬರೆಯಬಹುದು, ಎಷ್ಟಕ್ಕೆ ಪಾಸು, ಸರ್ಟಿಫಿಕೇಟ್ ಎಲ್ಲಿಯವರೆಗೆ? – ಪದೇ ಪದೇ ಕೇಳುವ ಪ್ರಶ್ನೆಗಳು

ಶಿಕ್ಷಕರ ಅರ್ಹತಾ ಪರೀಕ್ಷೆಯ ಅರ್ಜಿ ಕರೆದಾಗಲೆಲ್ಲ ನನ್ನ ಫೋನಿಗೆ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ನಾನು ಎರಡು ಸಲ ಬರೆದವನು. ಮೊದಲ ಸಲ ನಿಯಮ ಸರಿಯಾಗಿ ಓದದೆ ಪೆಟ್ಟು ತಿಂದವನು. ಆ ಕಥೆ ಮುಂದೆ ಬರುತ್ತದೆ. ಇಲ್ಲಿರುವುದು ಮುಖ್ಯವಾಗಿ ಕರ್ನಾಟಕ ಟಿಇಟಿಯ ವಿಷಯ. ಸಿಟಿಇಟಿ, ಅಂದರೆ ಕೇಂದ್ರದ ಟಿಇಟಿ, ಎಲ್ಲಿ ಬೇರೆಯೋ ಅಲ್ಲಿ ಮಾತ್ರ ಅದನ್ನೂ ಹೇಳಿದ್ದೇನೆ.

ಟಿಇಟಿ ಯಾರಿಗೆ ಬೇಕು?

1ರಿಂದ 8ನೇ ತರಗತಿವರೆಗೆ ಪಾಠ ಮಾಡುವ ಶಿಕ್ಷಕರಾಗಬೇಕು ಅನ್ನುವವರಿಗೆ ಬೇಕು. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು. ಅದರ ಕೆಳಗೆ ಶಿಕ್ಷಕರ ಕನಿಷ್ಠ ಅರ್ಹತೆ ಏನು ಅಂತ ಹೇಳುವ ಕೆಲಸ ಎನ್‌ಸಿಟಿಇಗೆ, ಅಂದರೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿಗೆ ಬಿತ್ತು. ಅದು 2010ರ ಆಗಸ್ಟ್ 23ರ ಅಧಿಸೂಚನೆಯಲ್ಲಿ ಟಿಇಟಿಯನ್ನು ಕಡ್ಡಾಯ ಮಾಡಿತು. ಪರೀಕ್ಷೆ ಹೇಗೆ ನಡೆಸಬೇಕು ಅನ್ನುವ ಮಾರ್ಗಸೂಚಿ 2011ರ ಫೆಬ್ರವರಿ 11ರಂದು ಬಂತು. ನೀವು ಕೇಳುವ ಮೂರು ಮುಖ್ಯ ಪ್ರಶ್ನೆಗಳಿಗೆ, ಅಂದರೆ ಎಷ್ಟು ಸಲ, ಎಷ್ಟು ಅಂಕ, ಎಷ್ಟು ವರ್ಷ ಅನ್ನುವುದಕ್ಕೆ, ಬೇರು ಇರುವುದು ಆ ಮಾರ್ಗಸೂಚಿಯಲ್ಲೇ.

ಪತ್ರಿಕೆ 1, ಪತ್ರಿಕೆ 2: ನಾನು ಯಾವುದು ಬರೆಯಬೇಕು?

1ರಿಂದ 5ನೇ ತರಗತಿಗೆ ಪತ್ರಿಕೆ 1. 6ರಿಂದ 8ನೇ ತರಗತಿಗೆ ಪತ್ರಿಕೆ 2. ಎರಡಕ್ಕೂ ಅರ್ಹತೆ ಇದ್ದರೆ ಎರಡನ್ನೂ ಬರೆಯಬಹುದು. ಒಂದು ಬೆಳಿಗ್ಗೆ, ಇನ್ನೊಂದು ಮಧ್ಯಾಹ್ನ ಇರುತ್ತದೆ. ಒಂದರಲ್ಲಿ ಪಾಸಾಗಿ ಇನ್ನೊಂದರಲ್ಲಿ ಫೇಲಾದರೆ ಪಾಸಾದದ್ದು ಪಾಸೇ. ಒಂದರ ಅಂಕಕ್ಕೂ ಇನ್ನೊಂದರ ಅಂಕಕ್ಕೂ ಸಂಬಂಧ ಇಲ್ಲ.

ಇಲ್ಲಿ ಬಿ.ಇಡಿ. ಮಾಡಿದವರು ಸ್ವಲ್ಪ ನಿಂತು ಯೋಚಿಸಬೇಕು. 2018ರಲ್ಲಿ ಎನ್‌ಸಿಟಿಇ ಬಿ.ಇಡಿ. ಇದ್ದವರೂ 1ರಿಂದ 5ನೇ ತರಗತಿಗೆ ಶಿಕ್ಷಕರಾಗಬಹುದು ಎಂದಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆ ಅಧಿಸೂಚನೆಯನ್ನು ತಳ್ಳಿಹಾಕಿತು. ಚಿಕ್ಕ ಮಕ್ಕಳಿಗೆ ಕಲಿಸುವುದಕ್ಕೆ ಬೇಕಾದ ತರಬೇತಿ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ ಆದ ಡಿ.ಇಎಲ್.ಇಡಿ.ಯಲ್ಲಿ ಇದೆ, ಬಿ.ಇಡಿ.ಯಲ್ಲಿ ಇಲ್ಲ ಅನ್ನುವುದು ಅದರ ಸಾರ. ಹಾಗಾಗಿ ಬರೀ ಬಿ.ಇಡಿ. ಇದ್ದರೆ ನಿಮ್ಮ ದಾರಿ ಪತ್ರಿಕೆ 2. ಹಳೆಯ ವಿಡಿಯೋ ನೋಡಿ ಈಗಲೂ ಪತ್ರಿಕೆ 1ಕ್ಕೆ ಓದುತ್ತಾ ಕೂತವರು ಇದ್ದಾರೆ, ಅದಕ್ಕೇ ಹೇಳಿದೆ.

ಒಟ್ಟು ಎಷ್ಟು ಸಲ ಬರೆಯಬಹುದು?

ಎಷ್ಟು ಸಲ ಬೇಕಾದರೂ. ಮಿತಿ ಇಲ್ಲ. ಎನ್‌ಸಿಟಿಇ ಮಾರ್ಗಸೂಚಿಯಲ್ಲಿ ಇದನ್ನು ನೇರವಾಗಿಯೇ ಹೇಳಿದೆ. ಮೂರು ಸಲ ಫೇಲಾದರೆ ಮುಗೀತು ಅನ್ನುವುದು ಸುಮ್ನೆ ಗಾಳಿಮಾತು. ಹಿಂದೆ ಎಷ್ಟು ಸಲ ಬರೆದಿದ್ದೀರಿ ಅನ್ನುವುದು ಸರ್ಟಿಫಿಕೇಟ್ ಮೇಲೂ ಬರುವುದಿಲ್ಲ. ಅರ್ಜಿ ಹಾಕುವಾಗ ಆಯಾ ಸಲದ ಶುಲ್ಕ ಕಟ್ಟಬೇಕು ಅಷ್ಟೇ.

ಟಿಇಟಿ ಬರೆಯಲು ಗರಿಷ್ಠ ವಯಸ್ಸೂ ಇಲ್ಲ. 45 ದಾಟಿದವರೂ ಬರೆಯಬಹುದು. ಆದರೆ ಸರ್ಕಾರಿ ನೇಮಕಾತಿಗೆ ವಯಸ್ಸಿನ ಮಿತಿ ಇದೆ. ಅದನ್ನು ಮುಂದೆ ಬೇರೆಯಾಗಿ ಹೇಳುತ್ತೇನೆ. ತುಂಬಾ ಜನ ಎಡವುವುದು ಅಲ್ಲೇ.

ಈಗಾಗಲೇ ಪಾಸಾಗಿದ್ದೇನೆ. ಮತ್ತೆ ಬರೆಯಬಹುದಾ? ಬರೆದು ಕಡಿಮೆ ಅಂಕ ಬಂದರೆ?

ಬರೆಯಬಹುದು. ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು ಅಂತಲೇ ಮಾರ್ಗಸೂಚಿ ಹೇಳುತ್ತದೆ. ಎರಡನೇ ಸಲ ಕಡಿಮೆ ಬಂದರೂ, ಫೇಲಾದರೂ, ಹಳೆಯ ಸರ್ಟಿಫಿಕೇಟ್ ಹಾಗೇ ಇರುತ್ತದೆ. ನೇಮಕಾತಿ ಅರ್ಜಿಯಲ್ಲಿ ಜಾಸ್ತಿ ಅಂಕ ಇರುವುದನ್ನು ಕೊಟ್ಟರಾಯಿತು.

ಒಂದೇ ಒಂದು ಎಚ್ಚರಿಕೆ. ಒಂದು ಸಲದ ಗಣಿತದ ಅಂಕ, ಇನ್ನೊಂದು ಸಲದ ಭಾಷೆಯ ಅಂಕ ಅಂತ ಸೇರಿಸಿ ಹೊಸ ಮೊತ್ತ ಮಾಡಲು ಬರುವುದಿಲ್ಲ. ಒಂದೇ ಪರೀಕ್ಷೆಯ ಪೂರ್ತಿ ಅಂಕವೇ ಲೆಕ್ಕ. ಪಿಯುಸಿ ಪೂರಕ ಪರೀಕ್ಷೆಯ ಹಾಗೆ ಫೇಲಾದ ವಿಷಯ ಮಾತ್ರ ಬರೆಯುವ ವ್ಯವಸ್ಥೆಯೂ ಇಲ್ಲಿಲ್ಲ.

ಪಾಸಾದ ಮೇಲೆ ಮತ್ತೆ ಬರೆದು ಏನು ಲಾಭ? ಪಾಸು ಅಂದ್ರೆ ಪಾಸು ಅಲ್ವಾ?

ಸರ್ಟಿಫಿಕೇಟ್ ಮಟ್ಟಿಗೆ ಹೌದು. ನೇಮಕಾತಿಯ ಮಟ್ಟಿಗೆ ಅಲ್ಲ. ನೇಮಕಾತಿಯಲ್ಲಿ ಟಿಇಟಿ ಅಂಕಕ್ಕೂ ತೂಕ ಕೊಡಬೇಕು ಅಂತ ಎನ್‌ಸಿಟಿಇ ಹೇಳಿದೆ. ಎಷ್ಟು ತೂಕ ಅನ್ನುವುದನ್ನು ಆಯಾ ನೇಮಕಾತಿಯ ಅಧಿಸೂಚನೆ ಹೇಳುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ನೇಮಕಾತಿಯಲ್ಲಿ ಟಿಇಟಿಗೆ ಶೇ 20 ತೂಕ ಇದೆ ಅಂತ ಇಟ್ಟುಕೊಳ್ಳಿ. ಉಳಿದದ್ದು ಸಿಇಟಿ ಅನ್ನುವ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆ, ಪದವಿ, ಬಿ.ಇಡಿ. ಅಂಕಗಳಿಗೆ. ಒಬ್ಬರಿಗೆ 150ಕ್ಕೆ 95 ಬಂದಿದೆ. ಅಂದರೆ ಶೇ 63.33. ಅದರ ಶೇ 20 ಅಂದರೆ 12.67. ಅವರೇ ಮತ್ತೆ ಬರೆದು 110 ತೆಗೆದರು. ಶೇ 73.33. ಅದರ ಶೇ 20 ಅಂದರೆ 14.67. ವ್ಯತ್ಯಾಸ ಸರಿಯಾಗಿ 2 ಅಂಕ. ಮೆರಿಟ್ ಪಟ್ಟಿಯಲ್ಲಿ ದಶಮಾಂಶದಲ್ಲಿ ಸ್ಥಾನ ಬದಲಾಗುವಾಗ 2 ಅಂಕ ಅಂದರೆ ದೊಡ್ಡದು. ಅದೇ 2 ಅಂಕವನ್ನು ಪದವಿಯಲ್ಲಿ ಗಳಿಸಲು ಆಗುವುದಿಲ್ಲ, ಪದವಿ ಮುಗಿದುಹೋಗಿದೆ. ಟಿಇಟಿ ಮಾತ್ರ ಮತ್ತೆ ಬರೆದು ತಿದ್ದಿಕೊಳ್ಳಬಹುದಾದ ಅಂಕ.

ಹಾಗಂತ 120 ತೆಗೆದವರು ಮತ್ತೆ ಬರೆಯುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಆ ಮೂರು ತಿಂಗಳನ್ನು ಸಿಇಟಿಗೆ ಕೊಟ್ಟರೆ ಜಾಸ್ತಿ ಉಪಯೋಗ. 90ರಿಂದ 100ರ ಮಧ್ಯೆ ನಿಂತವರು ಬರೆಯಲಿ.

ಪಾಸಾಗಲು ಎಷ್ಟು ಅಂಕ ಬೇಕು?

ಪ್ರಶ್ನೆ 150, ಅಂಕ 150, ಸಮಯ ಎರಡೂವರೆ ಗಂಟೆ. ಸಾಮಾನ್ಯ ನಿಯಮ ಶೇ 60, ಅಂದರೆ 90 ಅಂಕ. ಮೀಸಲಾತಿ ನೀತಿಗೆ ತಕ್ಕಂತೆ ರಿಯಾಯಿತಿ ಕೊಡುವ ಅಧಿಕಾರವನ್ನು ಎನ್‌ಸಿಟಿಇ ಸರ್ಕಾರಗಳಿಗೆ ಬಿಟ್ಟಿದೆ. ಕರ್ನಾಟಕ ಅದನ್ನು ಹೀಗೆ ಮಾಡಿದೆ: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1 ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 55. ಸಾಮಾನ್ಯ ವರ್ಗ, 2ಎ, 2ಬಿ, 3ಎ, 3ಬಿ, ಇವರೆಲ್ಲರಿಗೂ ಶೇ 60.

ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ನಾನು ಓದದೆ ಕೆಟ್ಟದ್ದು ಅದನ್ನೇ.

2ಎ ಅಂದರೆ ಮೀಸಲಾತಿ ತಾನೇ? ಶೇ 55 ಯಾಕೆ ಇಲ್ಲ?

ನಾನೂ ಹಾಗೇ ಅಂದುಕೊಂಡಿದ್ದೆ. ನಾನು 2ಎ. ಮೊದಲ ಸಲ 87 ಬಂತು. ಕೋಚಿಂಗ್‌ನಲ್ಲಿ ಯಾರೋ 'ಮೀಸಲಾತಿ ಇದ್ದವರಿಗೆ 55' ಅಂದಿದ್ದರು. ನಾನು ಮನೆಯಲ್ಲಿ ಪಾಸು ಅಂತ ಹೇಳಿಬಿಟ್ಟೆ. ಅಮ್ಮ ಅಕ್ಕಪಕ್ಕದ ಮನೆಗೆ ಸಕ್ಕರೆಯನ್ನೂ ಹಂಚಿದರು. ಫಲಿತಾಂಶ ತೆಗೆದು ನೋಡಿದರೆ ಅರ್ಹನಲ್ಲ ಅಂತ ಇತ್ತು. ತಪ್ಪು ಯಾರದೂ ಅಲ್ಲ, ಅಧಿಸೂಚನೆಯಲ್ಲಿ ಅಚ್ಚಾಗಿತ್ತು, ನಾನು ಓದಿರಲಿಲ್ಲ. ಎರಡನೇ ಸಲ 94 ತೆಗೆದೆ.

ಇದರಲ್ಲಿ ಒಂದು ತಮಾಷೆ ಇದೆ. ಸಿಬಿಎಸ್‌ಇ ನಡೆಸುವ ಸಿಟಿಇಟಿಯಲ್ಲಿ ಕೇಂದ್ರದ ಪಟ್ಟಿಯ ಒಬಿಸಿಯವರಿಗೂ ಶೇ 55ರ ರಿಯಾಯಿತಿ ಇದೆ. ಅಂದರೆ ಅದೇ 87 ಅಂಕ ನನಗೆ ಸಿಟಿಇಟಿಯಲ್ಲಿ ಬಂದಿದ್ದರೆ, ಕೆನೆಪದರಕ್ಕೆ ಸೇರದ ಒಬಿಸಿ ಪ್ರಮಾಣಪತ್ರ ಕೈಯಲ್ಲಿದ್ದರೆ, ನಾನು ಪಾಸು. ಅದೇ ಮನುಷ್ಯ, ಅದೇ ಅಂಕ, ಪರೀಕ್ಷೆ ಬೇರೆ. ಹಾಗಾಗಿ 'ನಮ್ಮ ಜಾತಿಗೆ ಎಷ್ಟು' ಅಂತ ಕೇಳುವುದು ಅರ್ಧ ಪ್ರಶ್ನೆ. ಯಾವ ಪರೀಕ್ಷೆಯಲ್ಲಿ ಎಷ್ಟು ಅಂತ ಕೇಳಿ. ರಾಜ್ಯದ ಪ್ರವರ್ಗ ಬೇರೆ, ಕೇಂದ್ರದ ಒಬಿಸಿ ಬೇರೆ. ಪ್ರಮಾಣಪತ್ರದ ನಮೂನೆಯೂ ಬೇರೆ.

150ಕ್ಕೆ ಶೇ 55 ಅಂದರೆ 82.5. ಅರ್ಧ ಅಂಕ ಎಲ್ಲಿಂದ ತರೋದು?

ಒಳ್ಳೆಯ ಪ್ರಶ್ನೆ. ಒಂದು ಪ್ರಶ್ನೆಗೆ ಒಂದು ಅಂಕ, ಅರ್ಧ ಅಂಕ ಅನ್ನುವುದೇ ಇಲ್ಲ. 82 ಅಂದರೆ ಶೇ 54.67. 83 ಅಂದರೆ ಶೇ 55.33. 82ನ್ನು 55 ಅಂತ ಪರಿಗಣಿಸಬೇಕೋ ಬೇಡವೋ ಅನ್ನುವ ಜಗಳ ಬೇರೆ ರಾಜ್ಯದಲ್ಲಿ ಹೈಕೋರ್ಟ್‌ವರೆಗೂ ಹೋಗಿದೆ. ಪಶ್ಚಿಮ ಬಂಗಾಳದ ಪ್ರಕರಣದಲ್ಲಿ ಕಲ್ಕತ್ತಾ ಹೈಕೋರ್ಟ್ 82 ಸಾಕು ಅನ್ನುವ ಕಡೆ ನಿಂತಿತು. ನೀವು ಮಾತ್ರ 83ನ್ನೇ ಗುರಿ ಅಂತ ಇಟ್ಟುಕೊಳ್ಳಿ. 82ರಲ್ಲಿ ನಿಂತು ವಕೀಲರ ಮನೆ ಹುಡುಕುವುದಕ್ಕಿಂತ ಇನ್ನೊಂದು ಪ್ರಶ್ನೆ ಸರಿ ಮಾಡುವುದು ಸುಲಭ.

ಪ್ರತಿ ವಿಷಯದಲ್ಲೂ ಇಷ್ಟು ಅಂಕ ಬರಲೇಬೇಕು ಅಂತ ಇದೆಯಾ?

ಇಲ್ಲ. ಒಟ್ಟು ಅಂಕ ಮಾತ್ರ ನೋಡುತ್ತಾರೆ.

ಪತ್ರಿಕೆ 1ರಲ್ಲಿ ಐದು ಭಾಗ: ಶಿಶು ವಿಕಸನ ಮತ್ತು ಬೋಧನಾ ಕ್ರಮ, ಭಾಷೆ 1, ಭಾಷೆ 2, ಗಣಿತ, ಪರಿಸರ ಅಧ್ಯಯನ. ಒಂದೊಂದಕ್ಕೆ 30. ಪತ್ರಿಕೆ 2ರಲ್ಲಿ ಮೊದಲ ಮೂರು ಹಾಗೇ ಇರುತ್ತವೆ, ಕೊನೆಯ 60 ಅಂಕ ಗಣಿತ-ವಿಜ್ಞಾನ ಅಥವಾ ಸಮಾಜ ವಿಜ್ಞಾನ.

ನನ್ನ ಗೆಳತಿಯೊಬ್ಬಳ ಅಂಕ ಹೇಳುತ್ತೇನೆ. ಪತ್ರಿಕೆ 1. ಶಿಶು ವಿಕಸನ 20, ಕನ್ನಡ 25, ಇಂಗ್ಲಿಷ್ 15, ಗಣಿತ 11, ಪರಿಸರ 21. ಒಟ್ಟು 92. ಗಣಿತದಲ್ಲಿ ಅರ್ಧವೂ ಇಲ್ಲ, ಆದರೂ ಪಾಸು. ಅವಳು ಗಣಿತ ಬಿಟ್ಟು ಕೂತಿರಲಿಲ್ಲ, ಅದಕ್ಕೆ ಹೆದರಿ ಉಳಿದದ್ದನ್ನು ಕೆಡಿಸಿಕೊಳ್ಳಲಿಲ್ಲ ಅಷ್ಟೇ. ಕನ್ನಡ ಮಾಧ್ಯಮದಲ್ಲಿ ಓದಿದವರು ಕನ್ನಡ ಮತ್ತು ಪರಿಸರ ಎರಡರಲ್ಲೇ 45ರ ಮೇಲೆ ತೆಗೆದರೆ, ಉಳಿದ 90 ಅಂಕದಲ್ಲಿ ಬೇಕಾಗುವುದು 45. ಅರ್ಧ. ಹೀಗೆ ಒಡೆದು ನೋಡಿದರೆ ಹೆದರಿಕೆ ಕಡಿಮೆಯಾಗುತ್ತದೆ.

ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರಾ?

ಇಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ನಾಲ್ಕು ಆಯ್ಕೆಯಲ್ಲಿ ಎರಡನ್ನು ಹೊಡೆದುಹಾಕಲು ಗೊತ್ತಾದರೂ ಸಾಕು, ಉಳಿದ ಎರಡರಲ್ಲಿ ಒಂದನ್ನು ತುಂಬಿ. ಕೊನೆಯ ಹತ್ತು ನಿಮಿಷ ಓಎಂಆರ್‌ನಲ್ಲಿ ಖಾಲಿ ವೃತ್ತ ಉಳಿದಿದೆಯಾ ಅಂತ ನೋಡಲಿಕ್ಕೇ ಇಟ್ಟುಕೊಳ್ಳಿ. ಒಂದು ಸಾಲು ತಪ್ಪಿ ತುಂಬಿದ್ದೀರಾ ಅನ್ನುವುದೂ ಆಗಲೇ ಗೊತ್ತಾಗುವುದು. 150ನೇ ಪ್ರಶ್ನೆಗೆ ಬಂದಾಗ ವೃತ್ತ 149ರಲ್ಲಿ ನಿಂತಿದ್ದರೆ ನಡುವೆ ಎಲ್ಲೋ ಜಾರಿದೆ ಅಂತ ಅರ್ಥ.

ನನ್ನ ಲೆಕ್ಕದಲ್ಲಿ 89 ಬರುತ್ತಿದೆ. ಫೇಲಾ?

ಅಷ್ಟು ಬೇಗ ತೀರ್ಮಾನ ಬೇಡ. ಪರೀಕ್ಷೆ ಆದ ಮೇಲೆ ಮೊದಲು ತಾತ್ಕಾಲಿಕ ಕೀ ಉತ್ತರ ಬಿಡುತ್ತಾರೆ. ಅದರ ಮೇಲೆ ಆಕ್ಷೇಪಣೆ ಹಾಕಲು ಕೆಲವು ದಿನ ಕೊಡುತ್ತಾರೆ. ಆಕ್ಷೇಪಣೆ ನೋಡಿ ಕೀ ಉತ್ತರ ಪರಿಷ್ಕರಿಸುತ್ತಾರೆ. ಫಲಿತಾಂಶ ಬರುವುದು ಪರಿಷ್ಕೃತ ಕೀ ಪ್ರಕಾರ. ಒಂದು ಪ್ರಶ್ನೆಯ ಉತ್ತರ ಬದಲಾದರೂ 89 ಇದ್ದದ್ದು 90 ಆಗಬಹುದು, 90 ಇದ್ದದ್ದು 89 ಕೂಡ ಆಗಬಹುದು.

ಆಕ್ಷೇಪಣೆ ಹಾಕುವುದಾದರೆ ಪಠ್ಯಪುಸ್ತಕದ ಆ ಪುಟವನ್ನೇ ಜೊತೆಗೆ ಕೊಡಿ. ಗೈಡ್‌ನಲ್ಲಿ ಹೀಗಿದೆ, ಕೋಚಿಂಗ್ ಸರ್ ಹೀಗೆ ಹೇಳಿದರು ಅನ್ನುವುದು ನಿಲ್ಲುವುದಿಲ್ಲ. ಇದಕ್ಕೆಲ್ಲ ನಿಮ್ಮ ಉತ್ತರ ಏನಿತ್ತು ಅಂತ ಗೊತ್ತಿರಬೇಕು. ಓಎಂಆರ್‌ನ ಅಭ್ಯರ್ಥಿ ಪ್ರತಿ ಕೈಗೆ ಕೊಟ್ಟರೆ ಅದನ್ನು ಹಾಲ್ ಟಿಕೆಟ್ ಜೊತೆ ಇಟ್ಟುಕೊಳ್ಳಿ. ಫಲಿತಾಂಶ ಬರುವವರೆಗೆ ಎರಡನ್ನೂ ಬಿಸಾಡಬೇಡಿ.

ಸರ್ಟಿಫಿಕೇಟ್ ಎಷ್ಟು ವರ್ಷ ನಡೆಯುತ್ತದೆ?

ಜೀವನಪೂರ್ತಿ.

ಮೊದಲು ಹಾಗಿರಲಿಲ್ಲ. 2011ರ ಮಾರ್ಗಸೂಚಿಯಲ್ಲಿ ಗರಿಷ್ಠ ಏಳು ವರ್ಷ ಅಂತ ಇತ್ತು. ಏಳು ವರ್ಷದಲ್ಲಿ ನೇಮಕಾತಿ ಬರದಿದ್ದರೆ ಪಾಸಾದವರು ಮತ್ತೆ ಬರೆಯಬೇಕಿತ್ತು. ನೇಮಕಾತಿ ಯಾವಾಗ ಕರೆಯುತ್ತಾರೆ ಅನ್ನುವುದು ಅಭ್ಯರ್ಥಿಯ ಕೈಯಲ್ಲಿಲ್ಲ, ಆದರೆ ದಿನ ಮಾತ್ರ ಅವನ ಲೆಕ್ಕದಲ್ಲಿ ಕಳೆಯುತ್ತಿತ್ತು. 2021ರ ಜೂನ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವರು ಏಳು ವರ್ಷದ ಮಿತಿ ತೆಗೆದು ಜೀವಿತಾವಧಿಗೆ ವಿಸ್ತರಿಸಿದ್ದೇವೆ ಎಂದು ಪ್ರಕಟಿಸಿದರು. ಇದರಲ್ಲಿ ಮುಖ್ಯವಾದ ಮಾತು ಇನ್ನೊಂದಿದೆ. ಈ ಬದಲಾವಣೆ 2011ರಿಂದಲೇ ಅನ್ವಯ.

ನನ್ನ ಹಳೆಯ ಸರ್ಟಿಫಿಕೇಟ್ ಮೇಲೆ 'ಏಳು ವರ್ಷ' ಅಂತ ಅಚ್ಚಾಗಿದೆ. ಅದು ಸತ್ತುಹೋಯಿತಾ?

ಇಲ್ಲ. ಒಂದು ಉದಾಹರಣೆ ತೆಗೆದುಕೊಳ್ಳಿ. ಸವಿತಾ ಅನ್ನೋಣ. 2012ರಲ್ಲಿ ಸಿಟಿಇಟಿ ಪಾಸು. ಸರ್ಟಿಫಿಕೇಟ್ ಮೇಲೆ ಏಳು ವರ್ಷ ಅಂತ ಇದೆ. ಆ ಲೆಕ್ಕದಲ್ಲಿ 2019ಕ್ಕೆ ಅದು ಮುಗಿಯಿತು. ಅವರು ಅದನ್ನು ಟ್ರಂಕಿನ ತಳಕ್ಕೆ ಹಾಕಿದರು. 2021ರಲ್ಲಿ ನಿಯಮ ಬದಲಾಯಿತು, ಅದೂ 2011ರಿಂದ ಅನ್ವಯ ಆಗುವ ಹಾಗೆ. ಅಂದರೆ 2019ರಲ್ಲಿ ಮುಗಿದಿದ್ದ ಸರ್ಟಿಫಿಕೇಟ್‌ಗೂ ಮತ್ತೆ ಜೀವ ಬಂತು. ಅವಧಿ ಮುಗಿದವರಿಗೆ ಮರುಮಾನ್ಯತೆ ಕೊಡಬೇಕು ಇಲ್ಲವೇ ಹೊಸ ಸರ್ಟಿಫಿಕೇಟ್ ಕೊಡಬೇಕು ಅಂತ ರಾಜ್ಯಗಳಿಗೂ ತಿಳಿಸಲಾಯಿತು.

ಖಾಸಗಿ ಶಾಲೆಯ ಆಫೀಸಿನಲ್ಲಿ ಕೆಲವೊಮ್ಮೆ ಅಚ್ಚಾದ ದಿನಾಂಕ ನೋಡಿ 'ಇದು ನಡೆಯಲ್ಲ ಮೇಡಂ' ಅನ್ನುತ್ತಾರೆ. ಆಗ ವಾದ ಮಾಡುತ್ತಾ ನಿಲ್ಲುವುದಕ್ಕಿಂತ 2021ರ ಜೂನ್‌ನ ಎನ್‌ಸಿಟಿಇ ಪತ್ರದ ಒಂದು ಪ್ರತಿ ಸರ್ಟಿಫಿಕೇಟ್ ಜೊತೆ ಪಿನ್ ಮಾಡಿ ಕೊಡಿ. ಕಾಗದಕ್ಕೆ ಕಾಗದವೇ ಉತ್ತರ.

ಜೀವನಪೂರ್ತಿ ಅಂದಮೇಲೆ 50 ವರ್ಷಕ್ಕೂ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದಾ?

ಇಲ್ಲೇ ಜನ ಎಡವುವುದು. ಸರ್ಟಿಫಿಕೇಟ್‌ನ ಆಯಸ್ಸು ಬೇರೆ, ನೇಮಕಾತಿಯ ವಯಸ್ಸು ಬೇರೆ. ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಾಗ ನಿಮ್ಮ ವರ್ಗಕ್ಕೆ ಗರಿಷ್ಠ ವಯಸ್ಸು ಇಷ್ಟು ಅಂತ ಅಧಿಸೂಚನೆಯಲ್ಲಿ ಇರುತ್ತದೆ. ಅದು ದಾಟಿದರೆ ಟಿಇಟಿಯಲ್ಲಿ 140 ಇದ್ದರೂ ಅರ್ಜಿ ನಿಲ್ಲುವುದಿಲ್ಲ. ಖಾಸಗಿ ಶಾಲೆಗಾದರೆ ಆ ಸರ್ಟಿಫಿಕೇಟ್ ಆಗಲೂ ಉಪಯೋಗಕ್ಕೆ ಬರುತ್ತದೆ.

ಹಾಗೆಯೇ ಟಿಇಟಿ ಪಾಸಾದದ್ದಕ್ಕೆ ಕೆಲಸ ಕೊಡಲೇಬೇಕು ಅನ್ನುವ ಹಕ್ಕೂ ಇಲ್ಲ. ಇದನ್ನೂ ಮಾರ್ಗಸೂಚಿಯೇ ಹೇಳಿದೆ. ಟಿಇಟಿ ಅಂದರೆ ಬಾಗಿಲ ಹತ್ತಿರ ನಿಲ್ಲಲು ಸಿಗುವ ಟೋಕನ್.

ಬಿ.ಇಡಿ. ಕೊನೆಯ ವರ್ಷದಲ್ಲಿದ್ದೇನೆ. ಬರೆಯಬಹುದಾ?

ಅಂತಿಮ ವರ್ಷದ ವಿದ್ಯಾರ್ಥಿಗಳು ಬರೆಯಬಹುದು. ಆದರೆ ಟಿಇಟಿ ಸರ್ಟಿಫಿಕೇಟ್ ಒಂದೇ ಇಟ್ಟುಕೊಂಡು ಕೆಲಸ ಸಿಗುವುದಿಲ್ಲ. ಬಿ.ಇಡಿ. ಮುಗಿಸಲೇಬೇಕು, ನೇಮಕಾತಿ ಕೇಳುವ ಕನಿಷ್ಠ ಶೇಕಡಾ ಅಂಕವೂ ಇರಬೇಕು. ನನ್ನ ಅಭಿಪ್ರಾಯ ಕೇಳಿದರೆ ಕೋರ್ಸ್‌ನಲ್ಲಿರುವಾಗಲೇ ಬರೆಯಿರಿ. ಶಿಶು ವಿಕಸನದ ಪಾಠ ಆಗಷ್ಟೇ ಓದಿರುತ್ತೀರಿ. ಪಿಯಾಜೆ, ವೈಗೋಟ್‌ಸ್ಕಿ, ಕೋಲ್‌ಬರ್ಗ್ ಹೆಸರುಗಳು ಇನ್ನೂ ತಲೆಯಲ್ಲಿ ಇರುತ್ತವೆ. ಎರಡು ವರ್ಷ ಬಿಟ್ಟು ಓದಿದರೆ ಎಲ್ಲ ಒಂದಕ್ಕೊಂದು ಕಲೆಸಿಹೋಗಿರುತ್ತದೆ.

ಪತ್ರಿಕೆ 2 ಸಮಾಜ ವಿಜ್ಞಾನದಲ್ಲಿ ಪಾಸಾಗಿದ್ದೇನೆ. ಗಣಿತ-ವಿಜ್ಞಾನ ಹುದ್ದೆಗೆ ನಡೆಯುತ್ತದಾ?

ಆ ಭರವಸೆಯ ಮೇಲೆ ಅರ್ಜಿ ಹಾಕಬೇಡಿ. ಸರ್ಟಿಫಿಕೇಟ್‌ನಲ್ಲಿ ಯಾವ ವಿಷಯ ಆರಿಸಿದ್ದಿರಿ ಅನ್ನುವುದೂ ಇರುತ್ತದೆ. ಗಣಿತ-ವಿಜ್ಞಾನ ಕಲಿಸುವವರು ಗಣಿತ-ವಿಜ್ಞಾನವನ್ನೇ ಬರೆಯಬೇಕು, ಸಮಾಜ ವಿಜ್ಞಾನ ಕಲಿಸುವವರು ಅದನ್ನೇ ಬರೆಯಬೇಕು. ಭಾಷಾ ಶಿಕ್ಷಕರಂಥ ಉಳಿದವರು ಎರಡರಲ್ಲಿ ಯಾವುದಾದರೂ ಒಂದನ್ನು ಆರಿಸಬಹುದು. ಬಿ.ಎಸ್ಸಿ. ಮಾಡಿಯೂ ಸಮಾಜ ವಿಜ್ಞಾನ ಸುಲಭ ಅಂತ ಅದನ್ನು ಬರೆದು ಪಾಸಾಗಿ, ನೇಮಕಾತಿ ಬಂದಾಗ ತಲೆ ಮೇಲೆ ಕೈ ಹೊತ್ತವರನ್ನು ನೋಡಿದ್ದೇನೆ. ಪದವಿಯಲ್ಲಿ ಏನು ಓದಿದ್ದೀರೋ ಅದಕ್ಕೆ ಹೊಂದುವುದನ್ನೇ ಆರಿಸಿ.

ಶೇ 55ರ ರಿಯಾಯಿತಿಯಲ್ಲಿ ಪಾಸಾದರೆ ಸಾಮಾನ್ಯ ಮೆರಿಟ್‌ನಲ್ಲಿ ಸೀಟು ಸಿಗಲ್ವಂತೆ, ನಿಜವಾ?

ಇದೇ ವಾದ ರಾಜಸ್ಥಾನದಿಂದ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. 2016ರಲ್ಲಿ ಕೋರ್ಟ್ ತೀರ್ಪು ಕೊಟ್ಟಿತು. ಟಿಇಟಿ ಬರೀ ಅರ್ಹತೆ. ಅಲ್ಲಿ ಕೊಟ್ಟ ರಿಯಾಯಿತಿ ಬೇರೆ, ನೇಮಕಾತಿಯಲ್ಲಿ ಕೊಡುವ ರಿಯಾಯಿತಿ ಬೇರೆ. ನೇಮಕಾತಿಯ ಮೆರಿಟ್‌ನಲ್ಲಿ ಸಾಮಾನ್ಯ ವರ್ಗದ ಕೊನೆಯ ಅಭ್ಯರ್ಥಿಗಿಂತ ಜಾಸ್ತಿ ಅಂಕ ತೆಗೆದರೆ, ಟಿಇಟಿಯಲ್ಲಿ ರಿಯಾಯಿತಿ ಪಡೆದಿದ್ದರು ಅನ್ನುವ ಒಂದೇ ಕಾರಣಕ್ಕೆ ಅವರನ್ನು ಸಾಮಾನ್ಯ ಪಟ್ಟಿಯಿಂದ ಹೊರಗಿಡಲು ಬರುವುದಿಲ್ಲ.

ನಾನು ಈಗಾಗಲೇ ಸೇವೆಯಲ್ಲಿದ್ದೇನೆ. ಟಿಇಟಿ ಇಲ್ಲದ ಕಾಲದಲ್ಲಿ ಸೇರಿದವನು. ನನಗ್ಯಾಕೆ?

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಈ ಪ್ರಶ್ನೆಗೇ ಫೋನು ಜಾಸ್ತಿ. ಶಿಕ್ಷಣ ಹಕ್ಕು ಕಾಯ್ದೆಗೆ ಮೊದಲು ಸೇರಿದವರಿಗೂ ಟಿಇಟಿ ಬೇಕು ಅಂತ ಆ ತೀರ್ಪು ಹೇಳಿತು. ಆದರೆ ಎಲ್ಲರಿಗೂ ಒಂದೇ ಅಳತೆ ಅಲ್ಲ. ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ಅನ್ನುವುದೇ ಗೆರೆ.

ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬ ಮೇಷ್ಟ್ರು 2029ರ ಮೇ ತಿಂಗಳಲ್ಲಿ ನಿವೃತ್ತಿ. ತೀರ್ಪಿನ ದಿನದಿಂದ ಐದು ವರ್ಷ ಇಲ್ಲ. ಅವರು ಟಿಇಟಿ ಇಲ್ಲದೆಯೇ ನಿವೃತ್ತಿವರೆಗೆ ಮುಂದುವರಿಯಬಹುದು. ಆದರೆ ಬಡ್ತಿ ಬೇಕು ಅಂದರೆ ಟಿಇಟಿ ಪಾಸಾಗಬೇಕು. ಇನ್ನೊಬ್ಬರು ಮೇಡಂ, 2035ರಲ್ಲಿ ನಿವೃತ್ತಿ. ಐದು ವರ್ಷಕ್ಕಿಂತ ಜಾಸ್ತಿ ಸೇವೆ ಉಳಿದಿದೆ. ಅವರಿಗೆ ತೀರ್ಪು ಕೊಟ್ಟದ್ದು ಎರಡು ವರ್ಷ. ಅಷ್ಟರಲ್ಲಿ ಪಾಸಾಗದಿದ್ದರೆ ಕೆಲಸ ಬಿಡಬೇಕು ಇಲ್ಲವೇ ಕಡ್ಡಾಯ ನಿವೃತ್ತಿ, ನಿಯಮದಂತೆ ಬರಬೇಕಾದ ನಿವೃತ್ತಿ ಸೌಲಭ್ಯಗಳೊಂದಿಗೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಇದು ಅನ್ವಯಿಸುತ್ತದಾ ಅನ್ನುವ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳಿಸಲಾಗಿದೆ. ಹಲವು ರಾಜ್ಯಗಳಲ್ಲಿ ಶಿಕ್ಷಕರು ಇದನ್ನು ವಿರೋಧಿಸಿದ್ದಾರೆ, ಮರುಪರಿಶೀಲನೆ ಕೇಳಿ ಅರ್ಜಿಗಳೂ ಹೋಗಿವೆ. ಆದ್ದರಿಂದ ನಿಮ್ಮ ಬಿಇಓ ಕಚೇರಿಗೆ ಬರುವ ಸುತ್ತೋಲೆ ಮೇಲೆ ಕಣ್ಣಿಡಿ. ವಾಟ್ಸಾಪ್‌ನಲ್ಲಿ ಬಂದದ್ದನ್ನು ನಂಬಿ ಓದು ನಿಲ್ಲಿಸಬೇಡಿ, ಹೆದರಿ ರಾಜೀನಾಮೆಯನ್ನೂ ಬರೆಯಬೇಡಿ.

ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಓಎಂಆರ್ ಹಾಳೆ ಮುಂದೆ ಕೂರುವುದು ಕಷ್ಟ, ಒಪ್ಪುತ್ತೇನೆ. ನಮ್ಮ ಶಾಲೆಯ ಹಿರಿಯ ಮೇಷ್ಟ್ರು ಒಬ್ಬರು 'ನಾನು ಕಲಿಸಿದ ಹುಡುಗನೇ ಕೊಠಡಿ ಮೇಲ್ವಿಚಾರಕ ಆಗಿ ಬಂದರೆ ಏನಪ್ಪಾ ಮಾಡೋದು' ಅಂತ ನಕ್ಕರು. ಅವರಿಗೆ ನಾನು ಹೇಳಿದ್ದು ಇಷ್ಟೇ: ವಿಷಯ ನಿಮಗೆ ಗೊತ್ತು ಸರ್, ಕೈಗೆ ಅಭ್ಯಾಸ ಬೇಕಾಗಿರುವುದು ವೇಗ. 150 ನಿಮಿಷಕ್ಕೆ 150 ಪ್ರಶ್ನೆ. ಹಳೆಯ ಪ್ರಶ್ನೆಪತ್ರಿಕೆ ತೆಗೆದು ಗಡಿಯಾರ ಇಟ್ಟು ವಾರಕ್ಕೊಂದು ಬರೆಯಿರಿ. ಬಿಟ್ಟುಹೋಗುವುದು ಹೆಚ್ಚಾಗಿ ಇಂಗ್ಲಿಷ್ ಮತ್ತು ಶಿಶು ವಿಕಸನದ ಪಾರಿಭಾಷಿಕ ಪದಗಳಲ್ಲಿ. ಅವೆರಡನ್ನೇ ಮೊದಲು ಹಿಡಿಯಿರಿ.

ಸಿಟಿಇಟಿ ಇದ್ದರೆ ಕರ್ನಾಟಕ ಟಿಇಟಿ ಬೇಡವಾ?

ಕೇಂದ್ರೀಯ ವಿದ್ಯಾಲಯ, ನವೋದಯದಂಥ ಕೇಂದ್ರ ಸರ್ಕಾರದ ಶಾಲೆಗಳಿಗೆ ಸಿಟಿಇಟಿ ಬೇಕು. ರಾಜ್ಯದ ನೇಮಕಾತಿಗೆ ಯಾವುದು ನಡೆಯುತ್ತದೆ ಅನ್ನುವುದನ್ನು ಆಯಾ ಅಧಿಸೂಚನೆಯ ಅರ್ಹತೆಯ ಭಾಗದಲ್ಲಿ ನೋಡಿ. ಎರಡೂ ಸರ್ಟಿಫಿಕೇಟ್ ಇದ್ದರೆ ಒಳ್ಳೆಯದೇ, ಓದಬೇಕಾದದ್ದು ಹೆಚ್ಚು ಕಡಿಮೆ ಒಂದೇ. ಸಿಟಿಇಟಿ ಅರ್ಜಿ ctet.nic.in ನಲ್ಲಿ. ಪ್ರಶ್ನೆಗಳು ಮುಖ್ಯವಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತವೆ. ಭಾಷೆಯ ಭಾಗದಲ್ಲಿ ಮಾತ್ರ ಕನ್ನಡ ಆರಿಸಬಹುದು. ಕನ್ನಡ ಮಾಧ್ಯಮದವರಿಗೆ ಅದು ಕಷ್ಟ ಅನ್ನಿಸುವುದು ಅದಕ್ಕೇ, ವಿಷಯ ಗೊತ್ತಿಲ್ಲ ಅಂತಲ್ಲ.

ಸರ್ಟಿಫಿಕೇಟ್ ಕಳೆದುಹೋದರೆ?

ಸಿಟಿಇಟಿಯದ್ದು ಡಿಜಿಲಾಕರ್‌ನಲ್ಲಿ ಸಿಗುತ್ತದೆ. ಕರ್ನಾಟಕ ಟಿಇಟಿಯದ್ದಾದರೆ ಶಾಲಾ ಶಿಕ್ಷಣ ಇಲಾಖೆಯ ಜಾಲತಾಣ ನೋಡಿ. ಅದಕ್ಕೆ ಅರ್ಜಿ ಸಂಖ್ಯೆ ಅಥವಾ ನೋಂದಣಿ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಗೊತ್ತಿರಬೇಕು. ಸರ್ಟಿಫಿಕೇಟ್ ಜೀವನಪೂರ್ತಿ ನಡೆಯುತ್ತದೆ ಸರಿ, ಆದರೆ ಹತ್ತು ವರ್ಷ ಕಳೆದ ಮೇಲೆ ನೋಂದಣಿ ಸಂಖ್ಯೆ ಯಾರಿಗೆ ನೆನಪಿರುತ್ತದೆ? ಫಲಿತಾಂಶ ಬಂದ ದಿನವೇ ಪಿಡಿಎಫ್ ಇಳಿಸಿಕೊಂಡು ನಿಮಗೇ ಒಂದು ಇಮೇಲ್ ಕಳಿಸಿಕೊಳ್ಳಿ. ಹೆಸರು, ತಂದೆಯ ಹೆಸರು, ವರ್ಗ, ಆರಿಸಿದ ವಿಷಯ ಇವು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಜಾತಿ ಪ್ರಮಾಣಪತ್ರಕ್ಕೆ ಹೊಂದುತ್ತವಾ ಅಂತ ಅವತ್ತೇ ನೋಡಿ. ಹೆಸರಿನ ಮುಂದಿನ ಇನಿಷಿಯಲ್ ತಪ್ಪಿದ್ದರೆ ಆಗಲೇ ತಿದ್ದಿಸಲು ಅರ್ಜಿ ಕೊಡಿ. ದಾಖಲೆ ಪರಿಶೀಲನೆಯ ದಿನ ಕ್ಯೂನಲ್ಲಿ ನಿಂತಾಗ ಅದು ಗೊತ್ತಾದರೆ ಓಡಾಡಲು ಸಮಯ ಇರುವುದಿಲ್ಲ.